ಬಂದವರು ಯಾರು? ‘ಅವರು’ ಇಂಗ್ಲಿಷಿಗೆ ಹೋಗುವಾಗ

ಒಂದು ಮಳೆಗಾಲದಲ್ಲಿ ನನಗೊಂದು ಪತ್ರ ಬಂತು. ದೇವಿಮನೆ ಘಟ್ಟದ ಕೆಳಗಿನ ಒಂದು ಹಳ್ಳಿಯಿಂದ ಬರೆದದ್ದು. ಊರಿಗೆ ಒಂದು ಗಟ್ಟಿ ಸೇತುವೆ ಬೇಕು ಎಂಬ ಅರ್ಜಿಯ ಜೊತೆ ಇಡಲು, ಅಲ್ಲಿನ ಒಬ್ಬರು ತಮ್ಮ ಮನೆಯಲ್ಲಿ ನಡೆದದ್ದನ್ನು ಬರೆದಿದ್ದರು. ಅರ್ಜಿ ಓದುವವರಿಗೆ ಕನ್ನಡ ಬರುತ್ತಿರಲಿಲ್ಲ. ಶಿರಸಿಯಲ್ಲಿ ಕೂತು ಇಂಥ ಕಾಗದಪತ್ರಗಳನ್ನು ಇಂಗ್ಲಿಷ್ ಮಾಡಿಕೊಡುವುದು ನನ್ನ ಕೆಲಸ. ಆ ಪತ್ರದ ಆರು ವಾಕ್ಯ ಇಲ್ಲಿವೆ:

“ಕಾಲುಸಂಕ ದಾಟಿ ಡಾಕ್ಟರು ಬಂದರು. ಅವರ ಜೊತೆ ನರ್ಸೂ ಬಂದಿದ್ದರು. ಅಜ್ಜಿಯ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟಿದರು. ತಮ್ಮ ಫೋನ್ ನಂಬರ್ ಬರೆದುಕೊಟ್ಟು ಹೋದರು. ಮರುದಿನ ಬರಲಿಲ್ಲ. ಸಂಕ ಕೊಚ್ಚಿಹೋಗಿತ್ತು.”

ಓದಿದರೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ನಾನೂ ಹಾಗೇ ಓದಿದೆ, ಹತ್ತು ನಿಮಿಷದಲ್ಲಿ ಇಂಗ್ಲಿಷ್ ಬರೆದೆ. ಡಾಕ್ಟರಿಗೆ ‘ಹಿ’ ಹಾಕಿದೆ, ನರ್ಸಿಗೆ ‘ಶಿ’ ಹಾಕಿದೆ. ಮೂರನೇ ವಾಕ್ಯಕ್ಕೆ “ಹಿ ವಾಶ್ಡ್ ದ ವೂಂಡ್” ಎಂದು ಬರೆದೆ. ಕಳಿಸುವ ಮೊದಲು ಪತ್ರ ಬರೆದವರಿಗೆ ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: “ಅಲ್ಲ, ಡಾಕ್ಟರು ಹೆಂಗಸು. ನರ್ಸ್ ಗಂಡಸು. ಪಟ್ಟಿ ಕಟ್ಟಿದ್ದೂ ನರ್ಸೇ.”

ಅವರ ಕನ್ನಡದಲ್ಲಿ ಒಂದೂ ತಪ್ಪಿರಲಿಲ್ಲ. ನನ್ನ ಇಂಗ್ಲಿಷಿನಲ್ಲಿ ಮೂರು ತಪ್ಪಿದ್ದವು. ಮೂರನೆಯದು ನನ್ನನ್ನು ಜಾಸ್ತಿ ಕಾಡಿತು. ಮೊದಲ ಎರಡು ಗಂಡು ಹೆಣ್ಣಿನ ತಪ್ಪು. ಮೂರನೆಯದು ಕೆಲಸ ಮಾಡಿದವರನ್ನೇ ಬದಲಿಸಿದ ತಪ್ಪು. ‘ಹಿ’ ಎಂದು ಬರೆದ ಕೂಡಲೇ, ನನಗೆ ಗೊತ್ತಿಲ್ಲದಂತೆಯೇ, ಪಟ್ಟಿ ಕಟ್ಟಿದ ಕೈ ಡಾಕ್ಟರದು ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಇದು ಯಾಕೆ ಹೀಗಾಗುತ್ತದೆ ಎಂದು ನೋಡೋಣ. ಇಂಗ್ಲಿಷಿನ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಗೊಡವೆ ಇಲ್ಲ. ‘ಕೇಮ್’ ಎಂದರೆ ಬಂದ, ಬಂದಳು, ಬಂತು ಎಲ್ಲವೂ ಹೌದು. ಅಲ್ಲಿ ಗಂಡು ಹೆಣ್ಣು ತಿಳಿಯುವುದು ಹಿ, ಶಿ ಎಂಬ ಸರ್ವನಾಮದಿಂದ. ನಮ್ಮಲ್ಲಿ ಸರ್ವನಾಮ ಬಿಟ್ಟರೂ ಕ್ರಿಯಾಪದದ ಬಾಲ ಹೇಳಿಬಿಡುತ್ತದೆ: ಬಂದನು, ಬಂದಳು, ಬಂದಿತು. ಆದರೆ ಗೌರವ ಕೊಟ್ಟ ಕೂಡಲೇ ಆ ಬಾಲ ‘ಅರು’ ಆಗುತ್ತದೆ, ಗುರುತು ಅಳಿಸಿಹೋಗುತ್ತದೆ. ‘ಅವರು ಬಂದರು’ ಎಂದರೆ ಒಬ್ಬ ಗಂಡಸು ಇರಬಹುದು, ಒಬ್ಬ ಹೆಂಗಸು ಇರಬಹುದು, ಒಂದು ಗುಂಪೇ ಇರಬಹುದು. ನಾವು ಗೌರವ ಕೊಡುವುದು ಯಾರಿಗೆ? ಡಾಕ್ಟರು, ಮೇಷ್ಟ್ರು, ತಹಶೀಲ್ದಾರರು, ಅಧ್ಯಕ್ಷರು, ಸಾಕ್ಷಿ ಹೇಳಿದವರು. ಅಂದರೆ ಅನುವಾದಕ್ಕೆ ಬರುವ ಕಾಗದಗಳಲ್ಲಿ ಇರುವ ಬಹುಪಾಲು ಜನ ಇವರೇ.

ನಿಷೇಧದ ವಾಕ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. “ಮರುದಿನ ಬರಲಿಲ್ಲ” ಎಂಬ ಮಾತನ್ನೇ ನೋಡಿ. ಅಲ್ಲಿ ಗಂಡು ಹೆಣ್ಣು ಇಲ್ಲ, ಒಬ್ಬರೋ ಹಲವರೋ ಇಲ್ಲ, ಗೌರವವೂ ಕಾಣುವುದಿಲ್ಲ. ನಾನು ಬರಲಿಲ್ಲ, ನೀನು ಬರಲಿಲ್ಲ, ಬಸ್ಸು ಬರಲಿಲ್ಲ, ಎಲ್ಲಕ್ಕೂ ಅದೇ ರೂಪ. ಬರಬೇಕು, ಬರಬಹುದು ಎಂಬಲ್ಲೂ ಹಾಗೇ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೆ ವಾಕ್ಯ ಸೊರಗುವುದಿಲ್ಲ. ಇಂಗ್ಲಿಷಿನಲ್ಲಿ ಯಾರೋ ಒಬ್ಬರನ್ನು ಮುಂದೆ ನಿಲ್ಲಿಸಲೇಬೇಕು. ಆ ಖಾಲಿ ಜಾಗ ತುಂಬುವಾಗಲೇ ಊಹೆ ಒಳಗೆ ಬರುವುದು.

ಹಾಗಾದರೆ ಮೊದಲು ಏನು ಮಾಡಬೇಕು? ಪೂರ್ತಿ ಕಾಗದ ಓದಿ, ಕನ್ನಡವೇ ಎಲ್ಲಾದರೂ ಗುಟ್ಟು ಬಿಟ್ಟುಕೊಟ್ಟಿದೆಯಾ ಎಂದು ಹುಡುಕಬೇಕು. ಮೂರನೇ ಪುಟದಲ್ಲಿ ‘ಶಿಕ್ಷಕಿ’ ಎಂದಿರಬಹುದು. ‘ಶ್ರೀಮತಿ’ ಇರಬಹುದು. ‘ಅವರ ಗಂಡ’ ಎಂದಿರಬಹುದು. ಅಲ್ಲಿಗೆ ಸಿಕ್ಕಿತು, ಧೈರ್ಯವಾಗಿ ‘ಶಿ’ ಬರೆಯಬಹುದು.

ಆದರೆ ಯಾವುದು ಸಾಕ್ಷಿ, ಯಾವುದು ಅಲ್ಲ ಎಂಬುದರಲ್ಲಿ ಕಟ್ಟುನಿಟ್ಟು ಬೇಕು. ‘ಶಿಕ್ಷಕಿ’ ಎಂದರೆ ಹೆಂಗಸು, ಸರಿ. ‘ಶಿಕ್ಷಕರು’ ಎಂದರೆ ಗಂಡಸು ಎಂದೇನೂ ಅಲ್ಲ. ಪಂಚಾಯತಿಯ ಅಧ್ಯಕ್ಷೆಯನ್ನು ಊರವರು ‘ಅಧ್ಯಕ್ಷರು’ ಎಂದೇ ಕರೆಯುತ್ತಾರೆ, ಅಲ್ವಾ? ಹೆಗಡೆಯವರು, ಭಟ್ಟರು, ನಾಯ್ಕರು, ಗೌಡರು ಎಂದರೆ ನಮ್ಮ ಜಿಲ್ಲೆಯಲ್ಲಿ ಮನಸ್ಸು ಗಂಡಸಿನ ಕಡೆ ವಾಲುತ್ತದೆ. ಆದರೆ ಅವು ಮನೆತನದ ಹೆಸರು, ಹೆಣ್ಣುಮಕ್ಕಳ ಹೆಸರಿನ ಮುಂದೆಯೂ ಇರುತ್ತವೆ. ಕಿರಣ, ಶಶಿ ಎಂಬ ಹೆಸರು ಇಬ್ಬರಿಗೂ ಇವೆ. ‘ನಮ್ಮ ಮನೆಯವರು’ ಎಂದು ಗಂಡನೂ ಹೇಳುತ್ತಾನೆ, ಹೆಂಡತಿಯೂ ಹೇಳುತ್ತಾಳೆ. ‘ಲೇಡಿ ಡಾಕ್ಟರು’ ಎಂದು ಬರೆದಿಲ್ಲವಲ್ಲ, ಹಾಗಾದರೆ ಗಂಡಸೇ ಇರಬೇಕು ಎಂಬುದು ನಾನು ಬಿದ್ದ ಗುಂಡಿ. ಆ ಮನೆಯವರಿಗೆ ಅವರು ದಿನಾ ಕಾಣುವ ಡಾಕ್ಟರು. ‘ಲೇಡಿ’ ಎಂದು ಸೇರಿಸಬೇಕು ಎಂದು ಅವರಿಗೆ ಹೊಳೆದೂ ಇರಲಿಕ್ಕಿಲ್ಲ.

ಸಾಕ್ಷಿ ಸಿಗದಿದ್ದರೆ ಬರೆದವರನ್ನು ಕೇಳುವುದು. ಒಂದು ಫೋನು, ಎರಡು ನಿಮಿಷ. ಕೇಳುವಾಗಲೂ ಒಂದು ಎಚ್ಚರ ಬೇಕು. “ಅವರು ಗಂಡಸಾ ಹೆಂಗಸಾ” ಎಂದಷ್ಟೇ ಕೇಳಿದ್ದರೆ, ಪಟ್ಟಿ ಕಟ್ಟಿದ್ದು ಯಾರು ಎಂಬುದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ನಾನು ಮೊದಲು ಕೇಳುವುದು “ಯಾರು, ಎಷ್ಟು ಜನ” ಎಂದು. ಗಂಡು ಹೆಣ್ಣಿನ ಪ್ರಶ್ನೆ ಅದಾದ ಮೇಲೆ.

ಬರೆದವರು ಸಿಗದೇ ಇದ್ದರೆ? ಫೋನೇ ಹೋಗದ ಊರುಗಳು ನಮ್ಮ ಘಟ್ಟದಲ್ಲಿ ಇನ್ನೂ ಇವೆ. ಕೆಲವೊಮ್ಮೆ ಬರೆದವರು ತೀರಿಹೋಗಿರುತ್ತಾರೆ. ಆಗ ಕನ್ನಡ ಎಷ್ಟು ತೆರೆದಿಟ್ಟಿದೆಯೋ ಅಷ್ಟನ್ನೇ ಇಂಗ್ಲಿಷಿನಲ್ಲೂ ತೆರೆದಿಡಬೇಕು. ಅದೇ ಆರು ವಾಕ್ಯಗಳನ್ನು, ಫೋನೇ ಮಾಡಿಲ್ಲ ಎಂದುಕೊಂಡು, ಮತ್ತೆ ಮಾಡಿ ನೋಡೋಣ.

ಮೊದಲ ಎರಡು ವಾಕ್ಯ ಸುಲಭ. ‘ಅವರ ಜೊತೆ’ ಎಂಬಲ್ಲಿ ‘ವಿತ್ ಹಿಮ್’ ಎಂದು ಬರೆಯಲೇಬೇಕಿಲ್ಲ. ಎರಡನ್ನೂ ಸೇರಿಸಿದರೆ ಸರ್ವನಾಮವೇ ಉದುರಿಹೋಗುತ್ತದೆ: “ದ ಡಾಕ್ಟರ್ ಕೇಮ್ ಓವರ್ ದ ಫುಟ್‌ಬ್ರಿಜ್ ವಿತ್ ಎ ನರ್ಸ್.” ಕಾಲುಸಂಕ ಎಂದರೆ ಹಳ್ಳದ ಮೇಲೆ ಅಡಿಕೆ ಮರವನ್ನೋ ಕಾಡುಮರವನ್ನೋ ಅಡ್ಡ ಹಾಕಿದ್ದು. ಅದಕ್ಕೆ ‘ಫುಟ್‌ಬ್ರಿಜ್’ ಎಂದರೆ ಸಾಲದು, ‘ಲಾಗ್’ ಎಂದು ಸೇರಿಸಬೇಕು. ಅರ್ಜಿ ಇರುವುದೇ ಅದರ ಬಗ್ಗೆ ತಾನೇ.

ಮೂರನೇ ವಾಕ್ಯದಲ್ಲಿ ‘ಕಟ್ಟಿದರು’ ಎಂಬುದು ಡಾಕ್ಟರೋ, ನರ್ಸೋ, ಇಬ್ಬರೂ ಸೇರಿಯೋ ಗೊತ್ತಿಲ್ಲ. ‘ದ ಡಾಕ್ಟರ್’ ಎಂದು ಮತ್ತೊಮ್ಮೆ ಬರೆದರೆ ‘ಹಿ’ ತಪ್ಪುತ್ತದೆ, ಆದರೆ ಕೈ ಯಾರದು ಎಂಬ ಊಹೆ ಹಾಗೇ ಉಳಿಯುತ್ತದೆ. ಇಂಥಲ್ಲಿ ನಾನು ಕರ್ಮಣಿ ಪ್ರಯೋಗ ಮಾಡುತ್ತೇನೆ: “ಮೈ ಗ್ರ್ಯಾಂಡ್‌ಮದರ್ಸ್ ಲೆಗ್ ವೂಂಡ್ ವಾಸ್ ವಾಶ್ಡ್ ಆ್ಯಂಡ್ ಬ್ಯಾಂಡೇಜ್ಡ್.” ಕರ್ಮಣಿ ಬೇಡ, ಬರವಣಿಗೆ ಜೀವ ಕಳೆದುಕೊಳ್ಳುತ್ತದೆ ಎಂದು ಇಂಗ್ಲಿಷ್ ಮೇಷ್ಟ್ರುಗಳು ಹೇಳಿಕೊಟ್ಟಿರುತ್ತಾರೆ. ಪುಟ ತುಂಬ ಅದೇ ಇದ್ದರೆ ಹೌದು. ಆದರೆ ಮಾಡಿದವರು ಯಾರು ಎಂದು ಮೂಲವೇ ಹೇಳದ ಒಂದು ವಾಕ್ಯಕ್ಕೆ ಅದೇ ಸರಿಯಾದ ರೂಪ.

ನಾಲ್ಕನೇ ವಾಕ್ಯದ ‘ತಮ್ಮ’ ನನಗೆ ಬಹಳ ಇಷ್ಟವಾದ ಪದ. “ಅವರ ನಂಬರ್ ಬರೆದುಕೊಟ್ಟರು” ಎಂದಿದ್ದರೆ ಬೇರೆ ಯಾರದೋ ನಂಬರ್ ಎನ್ನಲೂ ಜಾಗವಿತ್ತು. ‘ತಮ್ಮ’ ಎಂದ ಮೇಲೆ ಕೊಟ್ಟವರದೇ ನಂಬರ್. ಯಾರದು ಎಂಬುದನ್ನು ಇಷ್ಟು ಖಚಿತವಾಗಿ ಹೇಳಿ, ಗಂಡು ಹೆಣ್ಣು ಮಾತ್ರ ಹೇಳದ ಈ ಪದಕ್ಕೆ ಇಂಗ್ಲಿಷಿನಲ್ಲಿ ಜೋಡಿ ಇಲ್ಲ. ‘ಹಿಸ್’, ‘ಹರ್’ ಎಂದರೆ ಊಹೆ. ‘ಎ ಪರ್ಸನಲ್ ನಂಬರ್’ ಎಂದರೆ ಆಸ್ಪತ್ರೆಯ ನಂಬರ್ ಅಲ್ಲ, ಖಾಸಗಿಯದು ಎಂಬ ಹೊಸ ಅರ್ಥ ಬರುತ್ತದೆ. ಸುಮ್ನೆ ‘ಎ ಫೋನ್ ನಂಬರ್’ ಎಂದರೆ ‘ತಮ್ಮ’ ಪೂರ್ತಿ ಕಳೆದುಹೋಗುತ್ತದೆ. ಕೊನೆಗೆ ನಾನು ಬರೆದದ್ದು “ಬಿಫೋರ್ ಲೀವಿಂಗ್, ದೇ ರೋಟ್ ಡೌನ್ ದೇರ್ ನಂಬರ್ ಫಾರ್ ಅಸ್” ಎಂದು. ಇಲ್ಲಿ ‘ದೇ’ ಒಬ್ಬರೂ ಆಗಬಹುದು, ಇಬ್ಬರೂ ಆಗಬಹುದು. ಕನ್ನಡದಲ್ಲೂ ಅಷ್ಟೇ ಅಲ್ವಾ? ಈ ಒಂದು ಜಾಗದಲ್ಲಿ ಎರಡು ಭಾಷೆಯ ಮಸುಕೂ ಒಂದೇ ಅಳತೆಗೆ ಕೂತಿತು.

“ಮರುದಿನ ಬರಲಿಲ್ಲ” ಎಂಬುದಕ್ಕೆ ಮೊದಲು ‘ನೋ ವನ್ ಕೇಮ್’ ಎಂದು ಬರೆದೆ. ಆಮೇಲೆ ಹೊಡೆದು ಹಾಕಿದೆ. ಅದು ‘ಯಾರೂ ಬರಲಿಲ್ಲ’ ಆಯಿತು. ಮೂಲದಲ್ಲಿ ‘ಯಾರೂ’ ಇಲ್ಲ. “ದ ವಿಸಿಟ್ ವಾಸ್ ನಾಟ್ ರಿಪೀಟೆಡ್ ದ ನೆಕ್ಸ್ಟ್ ಡೇ” ಎಂಬುದು ಸರ್ಕಾರಿ ಭಾಷೆಯಂತೆ ಕೇಳಿಸಿತು. “ದೇರ್ ವಾಸ್ ನೋ ವಿಸಿಟ್ ದ ನೆಕ್ಸ್ಟ್ ಡೇ, ದ ಲಾಗ್ಸ್ ಹ್ಯಾಡ್ ಬೀನ್ ವಾಶ್ಡ್ ಅವೇ” ಎಂದು ಮಾಡಿದೆ. ಇದರಲ್ಲೂ ಒಂದು ಸಣ್ಣ ಕೊರತೆ ಇದೆ. ಬರುತ್ತಾರೆ ಎಂದು ಆ ಮನೆಯವರು ದಾರಿ ಕಾಯುತ್ತಿದ್ದ ಭಾವ ‘ಬರಲಿಲ್ಲ’ದಲ್ಲಿದೆ, ‘ನೋ ವಿಸಿಟ್’ನಲ್ಲಿ ಅಷ್ಟಿಲ್ಲ. ಅದನ್ನು ಒಪ್ಪಿಕೊಂಡು ಮುಂದೆ ಹೋದೆ.

ಇಷ್ಟೆಲ್ಲ ಕಷ್ಟ ಯಾಕೆ, ‘ಅವರು’ ಇದ್ದಲ್ಲೆಲ್ಲ ‘ದೇ’ ಹಾಕಿದರೆ ಆಯಿತಲ್ಲ ಎಂದು ಹೊಸದಾಗಿ ಈ ಕೆಲಸಕ್ಕೆ ಬಂದವರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ಒಬ್ಬರಿಗೇ ‘ದೇ’ ಎನ್ನುವುದು ಇಂಗ್ಲಿಷಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, 14ನೇ ಶತಮಾನದಿಂದ ಇದೆ. ಸಂಶೋಧನಾ ಬರವಣಿಗೆಗೆ ಬಹಳ ಕಡೆ ಬಳಸುವ ಎಪಿಎ ಕೈಪಿಡಿ 2019ರ ಏಳನೇ ಆವೃತ್ತಿಯಲ್ಲಿ ಅದನ್ನು ಒಪ್ಪಿಕೊಂಡಿತು. ಕ್ರಿಯಾಪದ ಮಾತ್ರ ಬಹುವಚನದ್ದೇ, ‘ದೇ ಆರ್’. ಒಬ್ಬರಿಗೂ ‘ಬಂದರು’ ಎನ್ನುವ ನಮಗೆ ಇದು ವಿಚಿತ್ರ ಅನ್ನಿಸಬಾರದು.

ಆದರೆ ‘ದೇ’ ಮತ್ತು ‘ಅವರು’ ಅಣ್ಣ ತಮ್ಮಂದಿರಂತೆ ಕಂಡರೂ ಗುಣ ಬೇರೆ. ‘ಅವರು’ ಎಂದರೆ ಗೌರವ ಇದೆ, ‘ದೇ’ ಎಂದರೆ ಇಲ್ಲ. ಅದು ಹೋಗಲಿ. ದೊಡ್ಡ ತೊಡಕು ಬೇರೆಯದು. “ಯಾರೋ ಕೊಡೆ ಬಿಟ್ಟು ಹೋಗಿದ್ದಾರೆ” ಎಂಬಂಥ ವಾಕ್ಯದಲ್ಲಿ ‘ಸಂವನ್ ಲೆಫ್ಟ್ ದೇರ್ ಅಂಬ್ರೆಲಾ’ ಎಂದರೆ ಯಾವ ಓದುಗರೂ ಎಡವುವುದಿಲ್ಲ. ಅದು ಯಾರೆಂದೇ ಗೊತ್ತಿಲ್ಲದವರ ಮಾತು. ಆದರೆ ಹೆಸರು ಹೇಳಿ, ಆ ಒಬ್ಬರಿಗೇ ಪುಟವಿಡೀ ‘ದೇ’ ಎಂದು ಬರೆದರೆ, ಇಂದಿನ ಇಂಗ್ಲಿಷ್ ಓದುಗರು ಅದನ್ನು ಬೇರೆ ರೀತಿ ಓದುತ್ತಾರೆ. ಈ ವ್ಯಕ್ತಿ ತನ್ನನ್ನು ಹಿ ಎಂದೂ ಶಿ ಎಂದೂ ಕರೆಯಬೇಡಿ, ದೇ ಎನ್ನಿ ಎಂದು ಕೇಳಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಹಾಗೆ ಕೇಳಿಕೊಂಡವರಿಗೆ ಹಾಗೆಯೇ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕೇಳದವರ ಮೇಲೆ ಅದನ್ನು ಹಾಕುವುದೂ ಒಂದು ಊಹೆಯೇ. ಹಾಗಾಗಿ ನನ್ನ ರೂಢಿ ಇದು: ಯಾರೆಂದು ಗೊತ್ತಿಲ್ಲದವರಿಗೆ, ಯಾರಿಗೆ ಬೇಕಾದರೂ ಅನ್ವಯಿಸುವ ಮಾತಿಗೆ ‘ದೇ’. ಇಂಥವರೇ ಎಂದು ಗೊತ್ತಿದ್ದು, ಗಂಡೋ ಹೆಣ್ಣೋ ಗೊತ್ತಿಲ್ಲದವರಿಗೆ ಹೆಸರು ಅಥವಾ ಹುದ್ದೆ. ‘ದ ಡಾಕ್ಟರ್’ ಎಂದು ಒಂದೇ ಪ್ಯಾರಾದಲ್ಲಿ ಮೂರು ಸಲ ಬಂದರೆ ಕಿವಿಗೆ ಸ್ವಲ್ಪ ಒರಟಾಗುತ್ತದೆ. ಆಗ ಎರಡು ವಾಕ್ಯ ಜೋಡಿಸಿ ಒಂದನ್ನು ತೆಗೆಯುತ್ತೇನೆ.

ಇನ್ನು ಕೆಲವರು ಕಾನೂನನ್ನು ಮುಂದಿಡುತ್ತಾರೆ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಕಲಂ ಪ್ರಕಾರ ಪುಲ್ಲಿಂಗದ ಪದ ಹೆಂಗಸರಿಗೂ ಅನ್ವಯಿಸುತ್ತದೆ. ಹಾಗಾಗಿ ಎಲ್ಲ ಕಡೆ ‘ಹಿ’ ಬರೆದರೂ ನಡೆಯುತ್ತದೆ ಎನ್ನುತ್ತಾರೆ. ಆ ಕಲಂ ಇರುವುದು ಕಾಯ್ದೆಗಳನ್ನು ಓದುವ ಬಗ್ಗೆ. “ಅರ್ಜಿದಾರರು ಸಹಿ ಮಾಡತಕ್ಕದ್ದು” ಎಂಬ ನಿಯಮದಲ್ಲಿ ‘ಹಿ’ ಇದ್ದರೆ ಅದು ಎಲ್ಲರಿಗೂ ಸೇರುತ್ತದೆ. ಆ ದಿನ ಸಂಕ ದಾಟಿ ಬಂದ ಒಬ್ಬ ಡಾಕ್ಟರಿಗೆ ಅದು ಸೇರುವುದಿಲ್ಲ. ನಡೆದ ಸಂಗತಿಯಲ್ಲಿ ‘ಹಿ’ ಎಂದರೆ ಓದುವವರಿಗೆ ಗಂಡಸೇ.

ಈಗ ಇದರ ಇನ್ನೊಂದು ಮುಖ. ನಮ್ಮ ಸೀಮೆಯವರಿಗೆ ಇದು ಮನೆಯ ಮಾತು, ಹೊರಗಿನಿಂದ ಬಂದ ಅನುವಾದಕರು ಇಲ್ಲಿ ಎಡವಿದ್ದನ್ನು ನೋಡಿದ್ದೇನೆ. ಹವ್ಯಕ ಮನೆಗಳಲ್ಲಿ ಹೆಂಗಸರ ಬಗ್ಗೆ ಹೇಳುವಾಗ ‘ಅದು ಬಂತು’ ಎನ್ನುತ್ತಾರೆ. ಆಯಿ ಬಂತು, ಅಕ್ಕ ಬಂತು. ಅದರಲ್ಲಿ ಸಸಾರ ಇಲ್ಲ, ಆ ನುಡಿಯ ವ್ಯಾಕರಣವೇ ಹಾಗೆ. ಗಂಡಸಾದರೆ ‘ಬಂದ’. ಅಂದರೆ ಆ ನುಡಿಯಲ್ಲಿ ‘ಅದು’ ಎಂಬುದು ಗುರುತು ಮುಚ್ಚುವುದಿಲ್ಲ, ಹೆಣ್ಣು ಎಂದೇ ಹೇಳುತ್ತದೆ. ಅಲ್ಲಿ ‘ಇಟ್’ ಬರೆದರೆ ಮನುಷ್ಯರನ್ನು ವಸ್ತು ಮಾಡಿದ ಹಾಗೆ. ‘ದೇ’ ಬರೆದರೆ ಅವರು ಸ್ಪಷ್ಟವಾಗಿ ಹೇಳಿದ್ದನ್ನು ನಾವು ಅಳಿಸಿದ ಹಾಗೆ. ಸರಿಯಾದದ್ದು ‘ಶಿ’. ಕಾರವಾರದ ಕಡೆ ಕೊಂಕಣಿಯಲ್ಲೂ ಹುಡುಗಿಗೆ ‘ತೆಂ’ ಎಂಬ ನಪುಂಸಕ ರೂಪ ಬಳಸುವುದುಂಟು. ಅಲ್ಲಿಂದ ಕನ್ನಡಕ್ಕೆ ಬಂದ ಹೇಳಿಕೆಗಳಲ್ಲಿ ‘ಅದು’ ಕಂಡರೆ ಎರಡು ಸಲ ನೋಡಬೇಕು.

‘ಕೂಸು’ ಎಂಬ ಪದವೂ ಹೀಗೇ. ಮೈಸೂರು ಕಡೆಯವರಿಗೆ ಕೂಸು ಎಂದರೆ ಎಳೆ ಮಗು, ಗಂಡೋ ಹೆಣ್ಣೋ ತಿಳಿಯದು. ಹವ್ಯಕರಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. “ಕೂಸು ಕಾಲೇಜಿಗೆ ಹೋಗ್ತು” ಎಂಬಲ್ಲಿ ‘ಬೇಬಿ’ ಎಂದು ಬರೆದರೆ ಏನಾಗಬಹುದು ಯೋಚಿಸಿ. ಊಹೆ ಮಾಡಬಾರದು ಎಂದಷ್ಟೇ ಕಲಿತವರು ಇಲ್ಲಿ ‘ದ ಚೈಲ್ಡ್’ ಎಂದು ಬರೆದು ಸುರಕ್ಷಿತವಾಗಿದ್ದೇವೆ ಎಂದುಕೊಳ್ಳುತ್ತಾರೆ. ಅದೂ ತಪ್ಪೇ. ಹೇಳಿದವರು ಹುಡುಗಿ ಎಂದೇ ಹೇಳಿದ್ದಾರೆ.

ಬೇಕೆಂದೇ ಮುಚ್ಚಿಟ್ಟ ಜಾಗಗಳೂ ಇರುತ್ತವೆ. ಸಣ್ಣ ಊರಿನ ದೂರಿನಲ್ಲಿ ‘ದೂರು ಕೊಟ್ಟವರು’ ಎಂದಷ್ಟೇ ಬರೆದಿರುತ್ತಾರೆ. ಇಡೀ ಕಚೇರಿಯಲ್ಲಿ ಇರುವುದು ಒಬ್ಬರೇ ಹೆಂಗಸು ಎಂದಾದರೆ, ಒಂದು ‘ಶಿ’ ಸಾಕು ಆ ವ್ಯಕ್ತಿ ಯಾರೆಂದು ಊರಿಗೆಲ್ಲ ತಿಳಿಯಲು. ಅನುವಾದಕರಿಗೆ ಗೊತ್ತಿದ್ದರೂ ಅಲ್ಲಿ ಬರೆಯಬಾರದು. ‘ದ ಕಂಪ್ಲೇನೆಂಟ್’ ಎಂದು ಕೊನೆಯವರೆಗೂ ಎಳೆದುಕೊಂಡು ಹೋಗಬೇಕು.

ಕೆಲಸ ಮುಗಿದ ಮೇಲೆ ನಾನು ಮಾಡುವ ಒಂದು ತಪಾಸಣೆ ಇದೆ. ಇಂಗ್ಲಿಷ್ ಕಡತವನ್ನು ಲಿಬ್ರೆಆಫೀಸಿನಲ್ಲಿ ತೆರೆದು, ಹುಡುಕುವ ಕಿಟಕಿಯಲ್ಲಿ `Regular expressions` ಎಂಬ ಆಯ್ಕೆಗೆ ಗುರುತು ಹಾಕಿ, ಇದನ್ನು ಕೊಡುತ್ತೇನೆ:

```
\b(he|she|him|his|her|hers|himself|herself)\b
```

ಸಿಕ್ಕಿದ ಪ್ರತಿ ಪದಕ್ಕೂ ಕನ್ನಡ ಪ್ರತಿಯಲ್ಲಿ ಬೆರಳಿಡುತ್ತೇನೆ. ಅವಳು, ಬಂದನು, ಅಜ್ಜಿ, ಶ್ರೀಮತಿ, ಇಂಥ ಒಂದು ಪದದ ಮೇಲೆ ಬೆರಳು ನಿಲ್ಲಬೇಕು. ಇಲ್ಲವೇ ಬರೆದವರೇ ಹೇಳಿದ್ದು ಎಂದು ಅಂಚಿನಲ್ಲಿ ಬರೆದಿರಬೇಕು. ಬೆರಳಿಗೆ ಜಾಗ ಸಿಗದಿದ್ದರೆ ಆ ಪದ ನನ್ನದು, ಮೂಲದ್ದಲ್ಲ. ಈ ಹುಡುಕಾಟಕ್ಕೆ ಒಂದು ಮಿತಿ ಇದೆ: ‘ದೇ’ಯ ಒಳಗೆ ಅಡಗಿದ ತಪ್ಪು ಇದಕ್ಕೆ ಸಿಗುವುದಿಲ್ಲ. ಒಬ್ಬರನ್ನು ಹಲವರು ಮಾಡಿದ್ದೇನಾ, ‘ಅದು’ ಎಂದದ್ದನ್ನು ಮಸುಕು ಮಾಡಿದ್ದೇನಾ ಎಂಬುದಕ್ಕೆ ಕನ್ನಡವನ್ನೇ ಕೈಯಲ್ಲಿ ಹಿಡಿದು ಇನ್ನೊಮ್ಮೆ ಓದಬೇಕು.

ಘಟ್ಟದ ಕೆಳಗಿನ ಆ ಪತ್ರ ಕೊನೆಗೆ ಹೋದದ್ದು ಫೋನಿನಲ್ಲಿ ಸಿಕ್ಕ ಉತ್ತರದೊಂದಿಗೆ. “ದ ನರ್ಸ್ ವಾಶ್ಡ್ ಆ್ಯಂಡ್ ಬ್ಯಾಂಡೇಜ್ಡ್ ದ ವೂಂಡ್, ಆ್ಯಂಡ್ ಲೆಫ್ಟ್ ಹಿಸ್ ನಂಬರ್ ವಿತ್ ಅಸ್.” ನಂಬರ್ ಕೊಟ್ಟವರೂ ನರ್ಸೇ ಎಂಬುದು ಎರಡನೇ ಸಲ ಫೋನ್ ಮಾಡಿದಾಗ ತಿಳಿಯಿತು. ಆ ‘ಹಿಸ್’ ಎದುರಿಗೆ, ನನ್ನ ಪ್ರತಿಯ ಅಂಚಿನಲ್ಲಿ, ‘ಬರೆದವರು ಹೇಳಿದ್ದು’ ಎಂದು ಪೆನ್ಸಿಲಿನಲ್ಲಿ ಬರೆದು ತಾರೀಕು ಹಾಕಿಟ್ಟಿದ್ದೇನೆ.